ನಾಲ್ಕು ಚೀಟಿ, ನಾಲ್ಕು ಮಣ್ಣು

ಗದಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊದಲೆಲ್ಲ ಗುಂಪು ಚಟುವಟಿಕೆ ಅಂದರೆ ನಾಲ್ಕು ಮಕ್ಕಳಿಗೆ ಒಂದು ಚಾರ್ಟ್ ಕೊಡುತ್ತಿದ್ದೆ. ಅಕ್ಷರ ಚೆಂದ ಇರುವ ಹುಡುಗಿ ಬರೆಯುತ್ತಿದ್ದಳು, ಉಳಿದ ಮೂವರು ಸುಮ್ನೆ ನೋಡುತ್ತಿದ್ದರು. ಅವರನ್ನು ಬೈದಿದ್ದೇನೆ. ಆದರೆ ಬೇಕಾದದ್ದೆಲ್ಲ ಆ ಹುಡುಗಿಯ ಪುಸ್ತಕದಲ್ಲೇ ಇರುವಾಗ ಅವಳಿಗೆ ಇವರು ಯಾಕೆ ಬೇಕು?

ಜಿಗ್‌ಸಾ ವಿಧಾನ ಹಿಡಿಯುವುದು ಇದನ್ನೇ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಕರಿಯ, ಬಿಳಿಯ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದು ಜಗಳ ಜಾಸ್ತಿಯಾದಾಗ, ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಇದನ್ನು ರೂಪಿಸಿದರು. ಪಾಠದ ಒಂದೊಂದು ತುಂಡು ಒಬ್ಬೊಬ್ಬರ ಕೈಯಲ್ಲಿ ಮಾತ್ರ. ಉಳಿದದ್ದು ಬೇಕಾದರೆ ಪಕ್ಕದವರ ಮಾತು ಕೇಳಲೇಬೇಕು.

ನಾನು ಇದನ್ನು ಕರ್ನಾಟಕದ ಮಣ್ಣುಗಳ ಪಾಠಕ್ಕೆ ಬಳಸಿದೆ. 36 ಮಕ್ಕಳು, ನಾಲ್ವರಂತೆ 9 ಮನೆ ಗುಂಪು. ಕಪ್ಪು, ಕೆಂಪು, ಜಂಬಿಟ್ಟಿಗೆ, ಮೆಕ್ಕಲು ಮಣ್ಣಿನ ನಾಲ್ಕು ಚೀಟಿ. ಒಂದೇ ಚೀಟಿಯವರು ಒಟ್ಟಿಗೆ ಕೂತು ಓದಿ, ಮನೆ ಗುಂಪಿಗೆ ಮರಳಿ ಕಲಿಸಬೇಕು. ಒಂಬತ್ತು ಜನ ಒಂದೇ ಕಡೆ ಕೂತರೆ ಹಿಂದಿನವರು ಮಾತೇ ಆಡುವುದಿಲ್ಲ. ಹಾಗಾಗಿ ಪ್ರತಿ ಚೀಟಿಗೂ ನಾಲ್ವರದೊಂದು, ಐವರದೊಂದು ತಜ್ಞರ ಗುಂಪು ಮಾಡಿದೆ.

ಕೊನೆಗೆ ಎಂಟು ಪ್ರಶ್ನೆ, ಚೀಟಿಗೆ ಎರಡರಂತೆ. ಒಬ್ಬೊಬ್ಬರೇ ಬರೆಯಬೇಕು. ಗುಂಪಿಗೆ ಅಂತ ಅಂಕವಿಲ್ಲ.

ಒಟ್ಟು ಅಂಕ ನೋಡಿದರೆ ಪರವಾಗಿಲ್ಲ ಅನಿಸಿತು. ಚೀಟಿವಾರು ಬಿಡಿಸಿ ನೋಡಿದಾಗ ಗೊತ್ತಾಯಿತು: ನಾಲ್ಕು ಮನೆ ಗುಂಪುಗಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಮಣ್ಣಿನ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದಿದ್ದರು. ಒಂದೇ ಗುಂಪು ತಪ್ಪಿದ್ದರೆ ಅಲ್ಲಿ ಕಲಿಸಿದ ಮಗು ಎಡವಿದೆ ಅನ್ನಬಹುದಿತ್ತು. ನಾಲ್ಕೂ ಒಂದೇ ರೀತಿ ತಪ್ಪಿದರೆ ಬೇರು ಬೇರೆ ಕಡೆ ಇದೆ. ಆ ನಾಲ್ಕಕ್ಕೂ ಹೋದವರು ಒಂದೇ ತಜ್ಞರ ಗುಂಪಿನವರು.

ಕರೆದು ಕೇಳಿದೆ. ನಮ್ಮ ಕಡೆ ಕಪ್ಪು ಮಣ್ಣಿಗೆ ಎರೆ, ಕೆಂಪು ಮಣ್ಣಿಗೆ ಮಸಾರಿ ಅನ್ನುತ್ತಾರೆ. "ಬ್ಯಾಸಗ್ಯಾಗ ಎರಿ ಭೂಮಿ ಬಿರುಕು ಬಿಡತೈತಲ್ರಿ ಸರ್, ಅಂದ್ರ ನೀರು ಹಿಡಿಯೂದಿಲ್ಲ ಅಂತ ಆತಲ್ರಿ" ಅಂದ ಒಬ್ಬ. ಅವರ ಮನೆಯದು ಮಸಾರಿ ಹೊಲ. ಗಟ್ಟಿಯಾಗಿ ಹೇಳಿದ, ಉಳಿದವರು ಒಪ್ಪಿದರು. ನಿಜ ಏನೆಂದರೆ ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ನೀರನ್ನು ತುಂಬಾ ದಿನ ಹಿಡಿದಿಡುತ್ತದೆ ಅಂತಲೇ ಹಿಂಗಾರಿ ಜೋಳ, ಕಡಲೆ ಅಲ್ಲಿ ಬರುತ್ತವೆ.

ಈಗ ತಜ್ಞರ ಗುಂಪು ಏಳುವ ಮೊದಲು ಪ್ರತಿ ಮೇಜಿಗೂ ಒಂದು "ಯಾಕೆ" ಪ್ರಶ್ನೆ ಕೇಳುತ್ತೇನೆ. ಮಳೆ ನಿಂತ ಮೇಲೂ ಎರೆ ಹೊಲದಲ್ಲಿ ಜೋಳ ಹೇಗೆ ಬೆಳೆಯುತ್ತದೆ? ಗುಂಪಿನಲ್ಲಿ ಮಾತು ಕಡಿಮೆ ಇರುವ ಮಗುವೇ ಉತ್ತರಿಸಬೇಕು. ಚೀಟಿಯನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ, ಐದು ಪದ ಬರೆದುಕೊಂಡು ಹೋಗಬಹುದು. ಚೀಟಿ ಕೈಯಲ್ಲಿದ್ದರೆ ಮಕ್ಕಳು ಕಲಿಸುವುದಿಲ್ಲ, ಓದಿ ಮುಗಿಸುತ್ತಾರೆ.

ಮನೆ ಗುಂಪಿಗೆ ಕೊಡುವ ಕೆಲಸವೂ ಬದಲಾಗಿದೆ. ಎರಡು ಎಕರೆ ಎರೆ, ಎರಡು ಎಕರೆ ಮಸಾರಿ ಇರುವ ರೈತ ಮುಂಗಾರಿಗೆ ಏನು, ಹಿಂಗಾರಿಗೆ ಏನು ಬಿತ್ತಬೇಕು? ಒಂದು ಚೀಟಿ ಓದಿದವರಿಗೆ ಇದು ಬಿಡಿಸಲು ಬರುವುದಿಲ್ಲ. ಕಳೆದ ಸಲ ಶೇಂಗಾ ಎಲ್ಲಿ ಹಾಕಬೇಕು ಅಂತ ಒಂದು ಗುಂಪು ಬೆಲ್ ಹೊಡೆದರೂ ಏಳಲಿಲ್ಲ.