ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ತೆಗೆದ ಹಣ

“ಮಾಷ್ಟ್ರೇ, ಕ್ರೆಡಿಟ್ ಕಾರ್ಡಿನಲ್ಲಿ ನಲವತ್ತು ಸಾವಿರ ತೆಗೆದು ಬಿಲ್ಲು ಬಂದಾಗ ಕಟ್ಟಿದರೆ ಆಯ್ತಲ್ಲ, ಪರ್ಸನಲ್ ಲೋನಿಗೆ ಯಾಕೆ ಓಡಾಡಬೇಕು?”

ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಸಿಗುವ ಬಡ್ಡಿರಹಿತ ಅವಧಿ ಎಟಿಎಂನಿಂದ ತೆಗೆದ ನಗದಿಗೆ ಸಿಗುವುದಿಲ್ಲ. ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ, ಪೂರ್ತಿ ತೀರಿಸುವವರೆಗೂ ಓಡುತ್ತಲೇ ಇರುತ್ತದೆ. ಬಿಲ್ಲಿನ ಕೊನೆಯ ದಿನಾಂಕಕ್ಕೂ ಈ ಬಡ್ಡಿಗೂ ಸಂಬಂಧವಿಲ್ಲ.

ಅಡಿಕೆ ಮಾರಿದ ಹಣ ಕೈಸೇರಲು ಇನ್ನೂ 40 ದಿನ ಇರುವಾಗ ಬದಿಯಡ್ಕದ ಕೃಷಿಕರೊಬ್ಬರು 40,000 ರೂಪಾಯಿ ತೆಗೆದರೆಂದು ಇಟ್ಟುಕೊಳ್ಳೋಣ. ಅನೇಕ ಬ್ಯಾಂಕುಗಳು ನಗದು ತೆಗೆದದ್ದಕ್ಕೆ ಶೇಕಡಾ 2.5ರಷ್ಟು, ಕನಿಷ್ಠ 500 ರೂಪಾಯಿ ಶುಲ್ಕ ಹಾಕುತ್ತವೆ. ಇಲ್ಲಿ ಅದು 1,000 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ 180. ತಿಂಗಳಿಗೆ ಶೇಕಡಾ 3.5 ಬಡ್ಡಿಯಂತೆ 40 ದಿನಕ್ಕೆ ಸುಮಾರು 1,840 ರೂಪಾಯಿ ಆಗುತ್ತದೆ. ಪರ್ಸನಲ್ ಲೋನಿನ ಬಡ್ಡಿಗೆ ಜಿಎಸ್‌ಟಿ ಇಲ್ಲ, ಆದರೆ ಕಾರ್ಡಿನ ಬಡ್ಡಿಗೆ ಇದೆ. ಅದು ಇನ್ನೂ 331. ಒಟ್ಟು ಸುಮಾರು 3,350 ರೂಪಾಯಿ. ಮಾರನೆಯ ದಿನವೇ ತೀರಿಸಿದರೂ ಮೊದಲಿನ 1,180 ಹೋದದ್ದೇ.

ನಿಜವಾದ ಅಂತರ ತಿಳಿಯುವುದು ಸಾಲ ಉದ್ದವಾದಾಗ. ಅದೇ ಹಣವನ್ನು ಒಂದು ವರ್ಷದಲ್ಲಿ ಸಮ ಕಂತುಗಳಲ್ಲಿ ಕಾರ್ಡಿಗೇ ಕಟ್ಟಿದರೆ ತಿಂಗಳಿಗೆ 4,300ರಷ್ಟು ಬೇಕಾಗುತ್ತದೆ. ಶುಲ್ಕವೂ ಸೇರಿ ಅಸಲಿನ ಮೇಲೆ ಸುಮಾರು 12,700 ರೂಪಾಯಿ ಹೋಗುತ್ತದೆ. ವರ್ಷಕ್ಕೆ ಶೇಕಡಾ 14ರ ಪರ್ಸನಲ್ ಲೋನಿಗೆ ಕಂತು 3,600ರ ಒಳಗೆ ನಿಲ್ಲುತ್ತದೆ. ಶೇಕಡಾ 2 ಸಂಸ್ಕರಣಾ ಶುಲ್ಕ ಮತ್ತು ಅದರ ಜಿಎಸ್‌ಟಿ ಸೇರಿದರೂ ಹೆಚ್ಚುವರಿ ಹೊರೆ ಸುಮಾರು 4,050. ಕೆಲವೇ ದಿನಗಳ ಸಾಲಕ್ಕೆ ಮಾತ್ರ ಈ ಅಂತರ ಬಹಳ ಕುಗ್ಗುತ್ತದೆ, ಏಕೆಂದರೆ ಲೋನಿನ ಆರಂಭದ ಶುಲ್ಕವೂ ಸಣ್ಣದಲ್ಲ, ಬೇಗ ಮುಚ್ಚಿದರೆ ದಂಡ ಬೀಳುವುದೂ ಉಂಟು.

ನನಗೆ ಹೆಚ್ಚು ಸಂಕಟವಾಗುವುದು, ಮಂಗಳೂರಿನ ಆಸ್ಪತ್ರೆಗೆ ಹೋಗುವವರು ಮುಂಗಡ ಕಟ್ಟಲೆಂದು ಕಾಸರಗೋಡಿನಲ್ಲೇ ಎಟಿಎಂಗೆ ಕಾರ್ಡ್ ಹಾಕುವಾಗ. ಆಸ್ಪತ್ರೆಯ ಕೌಂಟರಿನಲ್ಲೇ ಕಾರ್ಡ್ ಉಜ್ಜಿದರೆ ಅದು ಖರೀದಿಯ ಲೆಕ್ಕಕ್ಕೆ ಬರುತ್ತದೆ. ಹಳೆಯ ಬಾಕಿ ಇಲ್ಲದಿದ್ದು ಬಿಲ್ಲನ್ನು ಪೂರ್ತಿ ಕಟ್ಟಿದರೆ ಬಡ್ಡಿಯೂ ಇಲ್ಲ, ನಗದು ಶುಲ್ಕವೂ ಇಲ್ಲ.

ಈಗಾಗಲೇ ತೆಗೆದಿದ್ದರೆ ಬಿಲ್ಲಿಗೆ ಕಾಯದೆ, ಹಣ ಬಂದ ದಿನವೇ ಕಾರ್ಡಿಗೆ ಕಟ್ಟಿರಿ. ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿ ಸುಮ್ಮನಾದರೆ ಉಳಿದ ಬಾಕಿಗೆ ಬಡ್ಡಿ ಮುಂದುವರಿಯುತ್ತದೆ, ಹೊಸ ಖರೀದಿಗಳೂ ಬಡ್ಡಿರಹಿತ ಅವಧಿಯನ್ನು ಕಳೆದುಕೊಳ್ಳುತ್ತವೆ. ಬಿಲ್ಲಿನ ಪೂರ್ತಿ ಮೊತ್ತ ಕಟ್ಟಿದ ಮೇಲೂ ಮುಂದಿನ ತಿಂಗಳ ಬಿಲ್ಲಿನಲ್ಲಿ ಸಣ್ಣದೊಂದು ಬಡ್ಡಿ ಕಾಣಿಸಬಹುದು. ಅದು ಬಿಲ್ಲು ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನದು, ಅದನ್ನೂ ತೀರಿಸಬೇಕು.