ಮಂಜುಗಡ್ಡೆಯ ಕೆಳಗೆ

ಅಮೆರಿಕದ ಮ್ಯಾಡಿಸನ್‌ನ ಮೆಂಡೋಟಾ ಸರೋವರ ಗಟ್ಟಿಯಾಗಿದೆ. ಇವತ್ತು ಅದರ ಮೇಲೆ ನಡೆದೆ, ಎದೆ ಢವಢವ! ಒಬ್ಬರು ಅಜ್ಜ ತೂತು ಕೊರೆದು ಮೀನಿಗೆ ಗಾಳ ಬಿಟ್ಟು ಕೂತಿದ್ದರು. ಒಂದು ಗೇಣು ದಪ್ಪ ಗಡ್ಡೆ, ಅದರಡಿ ಕಪ್ಪು ನೀರು.

ನೀರು ತಣ್ಣಗಾಗುತ್ತಾ ಭಾರವಾಗಿ ತಳಕ್ಕಿಳಿಯುತ್ತದೆ, ಆದರೆ 4 ಡಿಗ್ರಿವರೆಗೆ ಮಾತ್ರ. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಆಗ ಅಣುಗಳು ಒಂದಕ್ಕೊಂದು ದೂರ ಸರಿದು ಜಾಲದಂತೆ ನಿಲ್ಲುವುದರಿಂದ ಶೇ 9ರಷ್ಟು ಹೆಚ್ಚು ಜಾಗ ಬೇಕು. (ನಮ್ಮನೆ ಫ್ರೀಜರಿನಲ್ಲಿ ಬಾಟಲಿ ಒಡೆದದ್ದೂ ಇದಕ್ಕೇ.) ಹಾಗಾಗಿ ಗಡ್ಡೆ ತೇಲುತ್ತದೆ, ಕಂಬಳಿ ಹೊದಿಸಿದಂತೆ ಕೆಳಗಿನ ನೀರನ್ನು ಕಾಯುತ್ತದೆ. ಮೀನು ಅಲ್ಲಿ ಆರಾಮ. ಆಳವಿಲ್ಲದ ಕೆರೆಗಳಲ್ಲಿ ಮಾತ್ರ, ಮೇಲೆ ಹಿಮ ದಪ್ಪಗೆ ಬಿದ್ದು ಬೆಳಕು ನಿಂತರೆ, ಆಮ್ಲಜನಕ ಮುಗಿದು ಮೀನು ಸಾಯುವುದುಂಟು.

ನೋಡನೋಡುತ್ತಲೇ ಅಜ್ಜನ ತೂತಿಗೆ ತೆಳುಪದರ ಕಟ್ಟಿತು. ತೂತಿನ ಸೌಟಲ್ಲಿ ತೆಗೆದೆಸೆದು ಮತ್ತೆ ಕೂತರು.