8081 ತೆರೆದದ್ದು ಯಾರು?

14 ಜೂನ್ 2025, ಶನಿವಾರ

ಕ್ಯಾಮೆರಾದ ಲಾಗ್ ತೆರೆದದ್ದು ಗಡಿಯಾರ ಸರಿ ಇದೆಯಾ ಅಂತ ನೋಡೋಕೆ. ಕಂಡದ್ದು admin ಹೆಸರಿನಲ್ಲಿ ಸಾಲು ಸಾಲು ತಪ್ಪು ಪಾಸ್‌ವರ್ಡ್. ಬೆಳಗಿನ ಜಾವ ಮೂರು ಗಂಟೆಗೂ. ಒಂದು ಅಡ್ರೆಸ್ ನಿಂತರೆ ಇನ್ನೊಂದು ಶುರು.

ತಪ್ಪು ನನ್ನದೇ. ಹೋದ ತಿಂಗಳು ಊರಿಗೆ ಹೊರಟಾಗ, ಅಲ್ಲಿಂದ ಮನೆ ನೋಡಬಹುದು ಅಂತ ರೌಟರ್‌ನಲ್ಲಿ 8080 ಪೋರ್ಟನ್ನು ಕ್ಯಾಮೆರಾದ 80ಕ್ಕೆ ಫಾರ್ವರ್ಡ್ ಮಾಡಿದ್ದೆ, ಅಂದರೆ ಹೊರಗಿನಿಂದ ಕ್ಯಾಮೆರಾಗೆ ಬರೋಕೆ ಒಂದು ಬಾಗಿಲು ತೆಗೆದಿಟ್ಟಿದ್ದೆ. ವಾಪಸ್ ಬಂದು ಮರೆತೆ.

ತಮ್ಮ ನಕ್ಕುಬಿಟ್ಟ. "ಅಣ್ಣಾ, ನಿನ್ನ ಪಾಸ್‌ವರ್ಡ್ ಹದಿನಾರು ಅಕ್ಷರ ಇದೆ. ಬಡ್ಕೊಳ್ಳಲಿ ಬಿಡು. ನಿನ್ನ ಮನೆ ಯಾರಿಗೆ ಬೇಕು?"

ನನ್ನ ಮನೆ ಯಾರಿಗೂ ಬೇಡ, ನಿಜ. ಆದರೆ ಅವರು ಮನೆ ನೋಡಿ ಬರುವುದಿಲ್ಲ. ಇಂಟರ್ನೆಟ್‌ನ ಇಡೀ ಐಪಿವಿ4 ಅಡ್ರೆಸ್‌ಗಳಲ್ಲಿ ಒಂದು ಪೋರ್ಟ್ ತಟ್ಟಿ ನೋಡೋಕೆ, ವೇಗದ ಲೈನ್ ಇದ್ದರೆ, ಒಂದು ಗಂಟೆಯೂ ಬೇಡ ಅಂತ 2013ರಲ್ಲೇ ಜೀಮ್ಯಾಪ್ ಅನ್ನೋ ಸ್ಕ್ಯಾನರ್ ತೋರಿಸಿತ್ತು. ಇನ್ನು ಪಾಸ್‌ವರ್ಡ್ ಕಾಯುವುದು ಲಾಗಿನ್ ಪುಟ ಸರಿಯಾಗಿದ್ದರೆ ಮಾತ್ರ. ಆ ಪುಟದ ಕೋಡ್‌ನಲ್ಲೇ ತೂತಿದ್ದರೆ ಪಾಸ್‌ವರ್ಡ್ ಕೇಳದೆಯೇ ಒಳಗೆ ಬಿಡುತ್ತದೆ. ನನ್ನ ಕ್ಯಾಮೆರಾಗೆ ಫರ್ಮ್‌ವೇರ್ ಅಪ್‌ಡೇಟ್ ಬಂದು ಮೂರು ವರ್ಷವಾಯಿತು. ಅದೂ ಒಳಗೊಂದು ಪುಟ್ಟ ಕಂಪ್ಯೂಟರೇ. ಅದು ಅವರ ಕೈಗೆ ಹೋದರೆ ಅಲ್ಲಿಂದ ಮನೆಯ ಸರ್ವರ್, ಲ್ಯಾಪ್‌ಟಾಪ್ ಎಲ್ಲವನ್ನೂ ಒಳಗಿನಿಂದಲೇ ತಟ್ಟಬಹುದು.

ಇಷ್ಟು ಹೇಳುವಷ್ಟರಲ್ಲಿ ಅವನು ಫೋನ್ ನೋಡುತ್ತಿದ್ದ.

ರೂಲ್ ತೆಗೆದೆ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ನೋಡಿದೆ. ಮನೆಯ ವೈಫೈನಲ್ಲೇ ಪರೀಕ್ಷೆ ಮಾಡಿದರೆ ಹೊರಗಿನವರಿಗೆ ಏನು ಕಾಣುತ್ತದೆ ಅಂತ ನಂಬೋಕಾಗಲ್ಲ. 8080 ಬರಲಿಲ್ಲ. ಸಮಾಧಾನವಾಯಿತು.

ಅರ್ಧ ಗಂಟೆ ಬಿಟ್ಟು ನೋಡಿದರೆ ಲಾಗ್‌ನಲ್ಲಿ ಹೊಸ ಸಾಲುಗಳು!

ಕೊನೆಗೆ ಸಿಕ್ಕಿದ್ದು ರೌಟರ್‌ನ ಯುಪಿಎನ್‌ಪಿ ಪುಟದಲ್ಲಿ. ನಾನು ಬರೆಯದ ಎರಡು ಸಾಲು ಅಲ್ಲಿದ್ದವು:

```
TCP 8081 -> 192.168.1.20:80
TCP 554  -> 192.168.1.20:554
```

ಯುಪಿಎನ್‌ಪಿ ಮೂಲಕ ಕ್ಯಾಮೆರಾ ತಾನೇ ರೌಟರ್‌ಗೆ ಕೇಳಿ ಬಾಗಿಲು ತೆಗೆಸಿಕೊಂಡಿತ್ತು. ರೌಟರ್ ಯಾರನ್ನೂ ಕೇಳದೆ ತೆಗೆದುಕೊಟ್ಟಿತ್ತು. 554 ಅಂದರೆ ನೇರ ವಿಡಿಯೋ ಹರಿಯುವ ಪೋರ್ಟ್. ಅಳಿಸಿದೆ. ಐದು ನಿಮಿಷದಲ್ಲಿ ಎರಡೂ ಮತ್ತೆ ಹಾಜರ್. ಕ್ಯಾಮೆರಾದಲ್ಲೂ ರೌಟರ್‌ನಲ್ಲೂ ಯುಪಿಎನ್‌ಪಿ ಆಫ್ ಮಾಡಿದ ಮೇಲೆಯೇ ಲಾಗ್ ಸುಮ್ಮನಾದದ್ದು.

ಹೊರಗಿನಿಂದ ನೋಡುವ ಆಸೆ ಮಾತ್ರ ಹೋಗಿಲ್ಲ. ಸರ್ವರ್‌ನಲ್ಲಿ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಬೇಕು. ಅದಕ್ಕೂ ಒಂದು ಯುಡಿಪಿ ಪೋರ್ಟ್ ತೆರೆಯಬೇಕು, ಆದರೆ ಸರಿಯಾದ ಕೀ ಇಲ್ಲದವನು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ನಾಳೆ ಕೂರಬೇಕು, ಮೊದಲು ಸರ್ವರ್‌ನ...

ತಮ್ಮ ರೂಮಿನಿಂದ ಕೂಗುತ್ತಿದ್ದಾನೆ. "ಅಣ್ಣಾ, ಗೇಮ್‌ನಲ್ಲಿ ಯಾರ ಮಾತೂ ಕೇಳಿಸ್ತಿಲ್ಲ. ರೌಟರ್‌ಗೆ ಏನ್ ಮಾಡಿದೆ?"